ತೊಟ್ಟಿಲಿಗೆ ಮುಂಚೆ ಬಳಗಕ್ಕೊಂದು ಸಂದೇಶ

ಮಗು ಹುಟ್ಟಿದ ಸುದ್ದಿ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಬಿದ್ದ ದಿನವೇ ಹೆಸರುಗಳೂ ಬರತೊಡಗುತ್ತವೆ. ದೊಡ್ಡಪ್ಪ ಒಂದು ಹೇಳುತ್ತಾರೆ, ಸೋದರತ್ತೆ ನಾಲ್ಕು ಬರೆಯುತ್ತಾರೆ. ಕೊನೆಗೆ ಉಳಿಯುವುದು ಒಂದೇ. ಉಳಿದವನ್ನು ಏಕೆ ಬಿಟ್ಟೆವೆಂದು ಹೇಳುವ ಕೆಲಸ ಬಾಣಂತಿ ಮತ್ತು ಅವಳ ಗಂಡನ ಪಾಲಿಗೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಈ ಮಾತನ್ನು ಹೇಳುವವರೇ ಇರುವುದಿಲ್ಲ. ನಾಮಕರಣದ ದಿನ ಹೆಸರು ಕೇಳಿದಾಗಲೇ ಹಿರಿಯರಿಗೆ ತಮ್ಮ ಸಲಹೆ ಬಿದ್ದುಹೋದದ್ದು ತಿಳಿಯುತ್ತದೆ.

ಸಲಹೆಗಳು ಹೆಚ್ಚಾಗಿ ಅಕ್ಷರದಿಂದ ಶುರುವಾಗುತ್ತವೆ. ಪಂಚಾಂಗದ ಲೆಕ್ಕದಲ್ಲಿ 27 ನಕ್ಷತ್ರಗಳು, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರಗಳು. ಚಂದ್ರ ಒಂದು ನಕ್ಷತ್ರವನ್ನು ದಾಟಲು ಸುಮಾರು ಒಂದು ದಿನ ಹಿಡಿಯುವುದರಿಂದ ಪ್ರತಿ ಪಾದಕ್ಕೆ ಸಿಗುವುದು ಹೆಚ್ಚುಕಡಿಮೆ ಆರು ಗಂಟೆ. ಹಸ್ತ ನಕ್ಷತ್ರದ ಮೂರನೇ ಪಾದದಲ್ಲಿ ಹೆಣ್ಣುಮಗು ಹುಟ್ಟಿತೆನ್ನೋಣ. ಅದಕ್ಕೆ ಬರುವ ಅಕ್ಷರ 'ಣ'. ಅದರಿಂದ ಶುರುವಾಗುವ ಹೆಸರು ಎಲ್ಲಿಂದ ತರುವುದು? ಇಂಥ ಕಡೆ ಅದೇ ನಕ್ಷತ್ರದ ಮೊದಲ ಪಾದದ 'ಪೂ' ಹಿಡಿಯುವವರಿದ್ದಾರೆ. ನಕ್ಷತ್ರದ ಹೆಸರನ್ನು ಶಾಸ್ತ್ರಕ್ಕಷ್ಟೇ ಇಟ್ಟುಕೊಂಡು, ಕರೆಯಲು ಬೇರೆಯದೇ ಹೆಸರು ಇಡುವವರೂ ಇದ್ದಾರೆ.

ಈ ಮನೆಗೆ ಮೂರು ಸಲಹೆ ಬಂದಿವೆ: ತೀರಿಕೊಂಡ ಮುತ್ತಜ್ಜಿಯ ಹೆಸರು ಸರಸ್ವತಿ, ಅಕ್ಷರಕ್ಕೆ ಕೂಡಿಬರುವ ಪೂರ್ವಿ, ಎಲ್ಲರಿಗೂ ಇಂಪೆನಿಸಿದ ಮೃಣಾಲಿನಿ. ಅಪ್ಪ-ಅಮ್ಮನ ಮನಸ್ಸು ಪೂರ್ಣಿಮಾ ಮೇಲೆ ನಿಂತಿದೆ. ಆಗ ಹೀಗೆ ಬರೆಯಬಹುದು:

"ಎಲ್ಲರಿಗೂ ನಮಸ್ಕಾರ. ಮಗಳಿಗೆ ಪೂರ್ಣಿಮಾ ಅಂತ ಹೆಸರಿಡೋಣ ಅಂದುಕೊಂಡಿದ್ದೇವೆ. 'ಪೂ' ಅಕ್ಷರದಿಂದ ಹುಡುಕಿ ಅಂತ ನೀವು ಹೇಳಿದ್ದರಿಂದಲೇ ಈ ಹೆಸರು ಸಿಕ್ಕಿತು. ಸರಸ್ವತಿ ಅನ್ನೋದನ್ನು ಬಿಟ್ಟಿಲ್ಲ. ಮುತ್ತಜ್ಜಿಯ ಹೆಸರು ಹಿಡಿದು ಮಗುವನ್ನು ಗದರೋದಕ್ಕೆ ನಮಗೆ ಬಾಯಿ ಬರಲ್ಲ. ಅದಕ್ಕೇ ಅದನ್ನು ತೊಟ್ಟಿಲ ಹೆಸರಾಗಿ ಅತ್ತೆಯೇ ಕಿವಿಯಲ್ಲಿ ಹೇಳಲಿ ಅಂತ ನಮ್ಮ ಆಸೆ. ಪೂರ್ವಿ ನಮಗೂ ಇಷ್ಟವಾಗಿತ್ತು. ಆದರೆ ಚಿಕ್ಕಮ್ಮನ ಮೊಮ್ಮಗಳು ಪೂರ್ವಾ, ರಜೆಯಲ್ಲಿ ಇಬ್ಬರೂ ಒಂದೇ ಮನೆಯಲ್ಲಿರ್ತಾರೆ, ಒಬ್ಬಳನ್ನು ಕರೆದರೆ ಇಬ್ಬರೂ ಬರ್ತಾರೆ. ಮೃಣಾಲಿನಿಯನ್ನು ಇಂಗ್ಲಿಷ್‌ನಲ್ಲಿ ಒಬ್ಬರು 'ಮ್ರು' ಅಂತ, ಇನ್ನೊಬ್ಬರು 'ಮ್ರಿ' ಅಂತ ಬರೀತಾರೆ, ಮುಂದೆ ಕಾಗದಪತ್ರದಲ್ಲಿ ತೊಡಕಾಗಬಹುದು. ಪೂರ್ಣಿಮಾ ಹೆಸರಿಗೆ ನಮಗೆ ತಿಳಿಯದ ಅಡ್ಡಿ ಏನಾದರೂ ಇದ್ದರೆ ಭಾನುವಾರದೊಳಗೆ ಫೋನ್ ಮಾಡಿ. ಮನೆಯಲ್ಲಿ ಏನಂತ ಕರೆಯೋದು ಅನ್ನೋದನ್ನು ನಿಮಗೇ ಬಿಟ್ಟಿದ್ದೇವೆ."

ಈ ಬರಹದಲ್ಲಿ ಯಾವ ಹೆಸರಿಗೂ ಹಳೆಯದು, ಉದ್ದ, ಚೆನ್ನಾಗಿಲ್ಲ ಎಂಬ ಮಾತು ತಗುಲಿಲ್ಲ. ಆ ಮಾತು ಬಂದರೆ ಅದೇ ಹೆಸರಿನ ಇನ್ನೊಬ್ಬ ನೆಂಟರಿಗೂ ಚುಚ್ಚುತ್ತದೆ. ಬಿಟ್ಟದ್ದಕ್ಕೆ ಕೊಟ್ಟ ಕಾರಣಗಳೆಲ್ಲ ಮಗು ಬೆಳೆಯುವ ಮನೆ ಮತ್ತು ಅದು ತುಂಬಬೇಕಾದ ಅರ್ಜಿಗಳಿಗೆ ಸೇರಿದವು. ಯಾವ ಹೆಸರು ಯಾರದೆಂದು ಬರೆಯದಿರುವುದೂ ಒಳ್ಳೆಯದೇ. ಬಳಗದೆದುರು ಯಾರೂ ತಲೆ ತಗ್ಗಿಸಬೇಕಾಗುವುದಿಲ್ಲ.

ಹಿರಿಯರ ಹೆಸರಿನ ವಿಷಯ ಮಾತ್ರ ಬೇರೆ. ಅತ್ತೆ-ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡದ ರೂಢಿಯಿರುವ ಮನೆಗಳಲ್ಲಿ, ಅಜ್ಜನ ಹೆಸರಿಟ್ಟ ಹುಡುಗನನ್ನು ಅಪ್ಪಾಜಿ, ಅಜ್ಜಯ್ಯ ಎಂದೇ ಕರೆಯುತ್ತಾರೆ. ಹೀಗೆ ಇಟ್ಟ ಹೆಸರು ಒಂದು, ಕರೆಯುವ ಹೆಸರು ಇನ್ನೊಂದಾಗುವುದು ನಮ್ಮಲ್ಲಿ ಹೊಸತಲ್ಲ. ಹಾಗಾಗಿ ತೊಟ್ಟಿಲ ಹೆಸರಿನ ಮಾತನ್ನು ಹಿರಿಯರು ಬಾಯುಪಚಾರವೆಂದು ತಿಳಿಯುವುದಿಲ್ಲ. ಆದರೂ ಆ ಸಲಹೆ ಕೊಟ್ಟ ಅಜ್ಜಿಗೆ ಗುಂಪಿನಲ್ಲಿ ಹಾಕುವ ಮೊದಲು ಫೋನ್ ಮಾಡಿ ಹೇಳಬೇಕು. ಮೊಬೈಲ್ ಓದಲು ಬಾರದ ಅಜ್ಜಿಗೆ ಈ ಸುದ್ದಿ ಬೇರೆಯವರ ಬಾಯಿಂದ ತಲುಪಿದರೆ ನೋವು ಇಮ್ಮಡಿಯಾಗುತ್ತದೆ.

"ನಿಮ್ಮೆಲ್ಲರ ಅಭಿಪ್ರಾಯ ತಿಳಿಸಿ" ಎಂದು ಕೊನೆಗೆ ಸೇರಿಸುವುದು ಸೌಜನ್ಯದಂತೆ ಕಂಡರೂ ಕೆಲಸ ಕೆಡಿಸುತ್ತದೆ. ಸಂಜೆಯೊಳಗೆ ಇನ್ನೂ ಹತ್ತು ಹೆಸರು ಬರುತ್ತವೆ, ಬಿಟ್ಟ ಹೆಸರುಗಳೂ ಮರಳಿ ಬರುತ್ತವೆ. ನಿಜವಾಗಿ ತೆರೆದಿಟ್ಟದ್ದನ್ನಷ್ಟೇ ಕೇಳಬೇಕು. ಇಲ್ಲಿ ಅದು ಮನೆಯ ಹೆಸರು, ಮತ್ತು ಅಪ್ಪ-ಅಮ್ಮನಿಗೆ ಗೊತ್ತಿಲ್ಲದ ಅಡ್ಡಿಯೇನಾದರೂ ಇದೆಯೇ ಎಂಬುದು.

ಇಷ್ಟಕ್ಕೆಲ್ಲ ಸಮಯವಿದೆಯೇ ಎಂದು ಗಾಬರಿಯಾಗಬೇಕಿಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ನಿಜ, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಲು ಅವಕಾಶವಿದೆ, ಆಮೇಲೆ ವಿಳಂಬ ಶುಲ್ಕ ಕಟ್ಟಬೇಕು. ಕಾಗುಣಿತದಲ್ಲಿ ಮಾತ್ರ ಎಚ್ಚರ ಬೇಕು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್‌ಗಳಲ್ಲಿ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಕನ್ನಡದಲ್ಲಿ, ಇಂಗ್ಲಿಷ್‌ನಲ್ಲಿ ಹೆಸರನ್ನು ಹೇಗೆ ಬರೆಯುವುದೆಂದು ಚೀಟಿಯಲ್ಲಿ ಬರೆದು ಕಚೇರಿಗೆ ಒಯ್ಯಬೇಕು, ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಆ ಚೀಟಿಯೊಂದಿಗೆ ತಾಳೆ ನೋಡಬೇಕು.