ಕ್ಲಿಕ್ಕಾದ ಮೇಲಿನ ಲೆಕ್ಕ

ಯೂಟ್ಯೂಬಿನಲ್ಲಿ ವಿಡಿಯೊ ನೋಡುವ ಮೊದಲು ನಾವು ನೋಡುವುದು ಅದರ ಥಂಬ್‌ನೇಲನ್ನು, ಕೆಳಗಿನ ಒಂದೆರಡು ಸಾಲಿನ ಶೀರ್ಷಿಕೆಯನ್ನು. ಥಂಬ್‌ನೇಲಿನ ಅರ್ಧಕ್ಕಿಂತ ಕಡಿಮೆಯಿಲ್ಲದ ಭಾಗ ಪರದೆಯ ಮೇಲೆ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಂಡರೆ ಯೂಟ್ಯೂಬ್ ಅದನ್ನು ಒಂದು ಇಂಪ್ರೆಷನ್ ಎಂದು ಬರೆದುಕೊಳ್ಳುತ್ತದೆ. ನೂರು ಇಂಪ್ರೆಷನ್ನಿಗೆ ಎಷ್ಟು ಕ್ಲಿಕ್ ಬಿತ್ತು ಎಂಬುದೇ ಸಿಟಿಆರ್. ಯೂಟ್ಯೂಬೇ ಹೇಳುವ ಪ್ರಕಾರ ಅರ್ಧದಷ್ಟು ಚಾನೆಲ್‌ಗಳ ಸಿಟಿಆರ್ ಶೇ 2ರಿಂದ 10ರ ನಡುವೆ ಇರುತ್ತದೆ. ಎಂದರೆ ಕಂಡವರಲ್ಲಿ ಹೆಚ್ಚಿನವರು ಮುಟ್ಟದೆ ಮುಂದಕ್ಕೆ ಹೋಗುತ್ತಾರೆ. ಈ ಪುಟ್ಟ ಸಂಖ್ಯೆಯನ್ನು ಒಂದಿಷ್ಟು ಮೇಲೆತ್ತಲು ಚಾನೆಲ್ ನಡೆಸುವವರು ಪಡುವ ಪಾಡು ದೊಡ್ಡದು. ಕಣ್ಣರಳಿಸಿದ ಮುಖ, ಕೆಂಪು ಬಾಣ, ದಪ್ಪಕ್ಷರದ ಎರಡು ಪದ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಇವು ಸುಮ್ಮನೆ ಹುಟ್ಟಿದ ಗೀಳಲ್ಲ. ಏನೂ ಗೊತ್ತಿಲ್ಲದ ವಿಷಯದಲ್ಲಿ ನಮಗೆ ಕುತೂಹಲ ಕಡಿಮೆ. ಸ್ವಲ್ಪ ಗೊತ್ತಿದ್ದು, ಉಳಿದದ್ದು ಗೊತ್ತಿಲ್ಲವಲ್ಲ ಎಂದು ಅನ್ನಿಸಿದಾಗ ಅದು ಕೆರಳುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಲೊವೆನ್‌ಸ್ಟೈನ್ 1994ರಲ್ಲಿ ವಾದಿಸಿದ್ದರು. ಒಳ್ಳೆಯ ಥಂಬ್‌ನೇಲ್ ಅಂಥದೊಂದು ಬಿರುಕನ್ನು ತೆರೆಯುತ್ತದೆ, ಶೀರ್ಷಿಕೆ ಅದಕ್ಕೆ ಹೆಸರಿಡುತ್ತದೆ. ಇಷ್ಟರಮಟ್ಟಿಗೆ ತಪ್ಪೇನಿಲ್ಲ. ತೆರೆದ ಬಿರುಕನ್ನು ಮುಚ್ಚುವ ಸರಕು ವಿಡಿಯೊದೊಳಗೆ ಇಲ್ಲದಿದ್ದಾಗ ತೊಂದರೆ ಶುರುವಾಗುತ್ತದೆ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಮಂಡ್ಯದ ಕಡೆಯ ಒಂದು ಚಾನೆಲ್ ಕೆಆರ್‌ಎಸ್ ಜಲಾಶಯದ ನೀರಿನ ಮಟ್ಟ, ಒಳಹರಿವು, ನಾಲೆಗೆ ನೀರು ಬಿಡುವ ದಿನ ಇವನ್ನು ವಿವರಿಸುವ ಹತ್ತು ನಿಮಿಷದ ವಿಡಿಯೊ ಮಾಡಿದೆ. ‘ಕೆಆರ್‌ಎಸ್ 120 ಅಡಿ: ನಾಲೆಗೆ ನೀರು ಯಾವಾಗ?’ ಎಂದು ಶೀರ್ಷಿಕೆ ಕೊಟ್ಟರೆ ಸಾವಿರ ಇಂಪ್ರೆಷನ್ನಿಗೆ ಐವತ್ತು ಕ್ಲಿಕ್ ಬರುತ್ತವೆ, ಬಂದವರು ಸರಾಸರಿ ನಾಲ್ಕು ನಿಮಿಷ ನೋಡುತ್ತಾರೆ ಎಂದುಕೊಳ್ಳಿ. ಒಟ್ಟು 200 ನಿಮಿಷ. ಅದೇ ವಿಡಿಯೊಗೆ ನೊರೆಯುಕ್ಕುವ ನೀರಿನ ಚಿತ್ರ ಅಂಟಿಸಿ ‘ಕೆಆರ್‌ಎಸ್ ಗೇಟ್ ಮುರಿಯಿತೇ?’ ಎಂದು ಬರೆದರೆ? 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದದ್ದನ್ನು ಕಂಡ ಜನ ಬೆಚ್ಚದೆ ಇರುತ್ತಾರೆಯೇ? ಕ್ಲಿಕ್‌ಗಳು 120ಕ್ಕೆ ಏರಬಹುದು. ಆದರೆ ಒಳಗೆ ಮುರಿದ ಗೇಟ್ ಇಲ್ಲ. ಹೆಚ್ಚಿನವರು ಅರ್ಧ ನಿಮಿಷದಲ್ಲೇ ಎದ್ದುಹೋಗುತ್ತಾರೆ. ಸರಾಸರಿ 40 ಸೆಕೆಂಡ್ ಎಂದು ಹಿಡಿದರೂ ಒಟ್ಟು 80 ನಿಮಿಷ. ಸಿಟಿಆರ್ ಎರಡೂವರೆ ಪಟ್ಟಿನ ಹತ್ತಿರಕ್ಕೆ ಏರಿತು, ನೋಡಿದ ಸಮಯ ಅರ್ಧಕ್ಕಿಂತ ಕೆಳಗಿಳಿಯಿತು.

ಯೂಟ್ಯೂಬಿನ ಶಿಫಾರಸು ಯಂತ್ರ ಕ್ಲಿಕ್ಕನ್ನಷ್ಟೇ ಎಣಿಸುತ್ತಿದ್ದರೆ ಎರಡನೆಯದೇ ಗೆಲ್ಲಬೇಕಿತ್ತು. ಒಂದು ಕಾಲಕ್ಕೆ ಗೆಲ್ಲುತ್ತಲೂ ಇತ್ತು. 2012ರಲ್ಲಿ ಕಂಪನಿ ತನ್ನ ಮುಖ್ಯ ಅಳತೆಯನ್ನು ವೀಕ್ಷಣೆಗಳ ಸಂಖ್ಯೆಯಿಂದ ನೋಡಿದ ಸಮಯಕ್ಕೆ, ಅಂದರೆ ವಾಚ್ ಟೈಮ್‌ಗೆ, ಬದಲಾಯಿಸಿತು. ಆ ಬದಲಾವಣೆ ಯಂತ್ರದೊಳಗೆ ಹೇಗೆ ಕೂತಿದೆ ಎಂಬುದನ್ನು ಗೂಗಲ್‌ನ ಮೂವರು ಎಂಜಿನಿಯರುಗಳು, ಪಾಲ್ ಕವಿಂಗ್ಟನ್, ಜೇ ಆಡಮ್ಸ್ ಮತ್ತು ಎಮ್ರೆ ಸಾರ್ಗಿನ್, 2016ರ ಪ್ರಬಂಧದಲ್ಲಿ ಬಿಡಿಸಿಟ್ಟಿದ್ದಾರೆ. ಮೊದಲ ಹಂತದಲ್ಲಿ ಲಕ್ಷಾಂತರ ವಿಡಿಯೊಗಳಿಂದ ನಿಮಗೆ ಹೊಂದಬಹುದಾದ ಕೆಲವು ನೂರನ್ನು ಆರಿಸಲಾಗುತ್ತದೆ. ಎರಡನೆಯ ಹಂತದಲ್ಲಿ ಅವಕ್ಕೆ ಅಂಕ ಕೊಟ್ಟು ಸಾಲಾಗಿ ನಿಲ್ಲಿಸಲಾಗುತ್ತದೆ. ಅಂಕ ಕೊಡುವುದನ್ನು ಯಂತ್ರಕ್ಕೆ ಕಲಿಸುವಾಗ ಪ್ರತಿ ಕ್ಲಿಕ್ಕಿಗೂ ಒಂದೇ ಬೆಲೆಯಿಲ್ಲ. ಆ ಕ್ಲಿಕ್ಕಿನ ನಂತರ ಎಷ್ಟು ಹೊತ್ತು ನೋಡಿದರೋ ಅಷ್ಟು ತೂಕ. ಹೀಗೆ ಕಲಿತ ಯಂತ್ರ ಊಹಿಸುವುದು ‘ಈ ವ್ಯಕ್ತಿಗೆ ಇದನ್ನು ತೋರಿಸಿದರೆ ಎಷ್ಟು ಸಮಯ ನೋಡಿಯಾನು’ ಎಂಬುದನ್ನು. ನಮ್ಮ ಉದಾಹರಣೆಯಲ್ಲಿ ಸರಳ ಶೀರ್ಷಿಕೆ ಒಂದು ಇಂಪ್ರೆಷನ್ನಿಗೆ 12 ಸೆಕೆಂಡ್ ದುಡಿದರೆ, ಗೇಟ್ ಮುರಿದದ್ದು ಐದು ಸೆಕೆಂಡೂ ದುಡಿಯಲಿಲ್ಲ. ಸಿಟಿಆರ್ ಮೇಲೆ ಸಾಲು ನಿಲ್ಲಿಸಿದರೆ ಮೋಸದ ವಿಡಿಯೊಗಳು ಮೇಲೆ ಬರುತ್ತವೆ ಎಂದು ಆ ಪ್ರಬಂಧವೇ ಹೇಳುತ್ತದೆ.

ಇದು ಒಂದು ವಿಡಿಯೊದ ಸೋಲು. ಚಾನೆಲ್ಲಿಗೆ ಆಗುವ ಪೆಟ್ಟು ಬೇರೆಯದು, ಮತ್ತು ಅದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಯೂಟ್ಯೂಬ್ ಚಾನೆಲ್ಲನ್ನು ‘ಹಿಡಿದಿಟ್ಟಿದೆ’, ‘ಶಿಕ್ಷೆ ಕೊಟ್ಟಿದೆ’ ಎಂಬ ಗೊಣಗಾಟ ಸಾಮಾನ್ಯ. ಅಂಥ ಶಿಕ್ಷೆಯ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ನೆನಪು ಇರುವುದು ಒಬ್ಬೊಬ್ಬ ನೋಡುಗನ ಲೆಕ್ಕದಲ್ಲಿ. ಅಂಕ ಕೊಡುವಾಗ ಅತಿ ಮುಖ್ಯವಾದ ಸುಳಿವುಗಳೆಂದರೆ ಆ ವ್ಯಕ್ತಿಗೂ ಅಂಥ ವಿಡಿಯೊಗಳಿಗೂ ಇರುವ ಹಿಂದಿನ ಸಂಬಂಧ, ಈ ಚಾನೆಲ್ಲಿನ ಎಷ್ಟು ವಿಡಿಯೊ ನೋಡಿದ್ದಾರೆ ಎಂಬಂಥವು, ಎನ್ನುತ್ತದೆ ಅದೇ ಪ್ರಬಂಧ. ಆ 120 ಜನರಲ್ಲಿ ಬೇಸತ್ತು ಎದ್ದುಹೋದವರನ್ನು ನೆನೆಯಿರಿ. ಮುಂದಿನ ವಾರ ಅವರ ಮುಂದೆ ಇದೇ ಚಾನೆಲ್ಲಿನ ಹೊಸ ಥಂಬ್‌ನೇಲ್ ಬಂದಾಗ ಹಲವರು ಮುಟ್ಟುವುದಿಲ್ಲ. ತೋರಿಸಿಯೂ ಮುಟ್ಟದ ವಿಡಿಯೊ ಮುಂದಿನ ಸಲ ಕೆಳಕ್ಕಿಳಿಯುತ್ತದೆ. ಆ ಗುಂಪಿನಲ್ಲಿ ಚಾನೆಲ್ಲಿನ ಹೆಸರು ಗುರುತಿಸಿ ನಂಬಿ ಬಂದವರೂ ಇದ್ದರು, ಹೊಸ ವಿಡಿಯೊ ಹಾಕಿದಾಗ ಮೊದಲು ಕಾಣಬೇಕಾಗಿದ್ದವರು ಅವರೇ. ಮೋಸದ ಶೀರ್ಷಿಕೆ ಮೊದಲು ಕಳೆಯುವುದು ಈ ಹತ್ತಿರದವರನ್ನು. ಇನ್ನೊಂದು ಕಡೆ, ಅನಾಹುತದ ಸುದ್ದಿಗೆ ಹಾತೊರೆಯುವ ಮಂದಿ ಕ್ಲಿಕ್ ಮಾಡಿದ್ದರಿಂದ ಅಂಥವರಿಗೇ ಈ ಚಾನೆಲ್ ಹೊಂದುತ್ತದೇನೋ ಎಂದು ಯಂತ್ರ ಪರೀಕ್ಷಿಸುತ್ತದೆ. ಅವರಿಗೆ ನಾಲೆಯ ನೀರು ಬೇಕಿಲ್ಲ. ಭತ್ತದ ಸಸಿ ಹಾಕಿ ಕಾಯುತ್ತಿರುವ ರೈತನಿಗೆ ವಿಡಿಯೊ ತಲುಪುವುದೇ ಇಲ್ಲ.

ಹಾಗಾದರೆ ಸುಳ್ಳು ಥಂಬ್‌ನೇಲಿನ ಚಾನೆಲ್‌ಗಳು ಕಣ್ಣೆದುರೇ ಬೆಳೆಯುತ್ತಿವೆಯಲ್ಲ ಎಂದು ಕೇಳಬಹುದು. ಆಕ್ಷೇಪ ಗಟ್ಟಿಯಾದದ್ದೇ. ನಮ್ಮ ಲೆಕ್ಕದಲ್ಲೇ ಆ 120 ಜನರನ್ನು ‘ಗೇಟ್ ವಿಷಯ ಈಗ ಬಂತು’ ಎಂದು ಎರಡು ನಿಮಿಷ ಕೂರಿಸಿದ್ದರೆ ಒಟ್ಟು 240 ನಿಮಿಷವಾಗಿ ಸುಳ್ಳೇ ಗೆಲ್ಲುತ್ತಿತ್ತು. ವಾಚ್ ಟೈಮಿಗೂ ಮೋಸ ಮಾಡಬಹುದು, ಎಳೆದಾಡಿ. ಈ ತೂತು ಮುಚ್ಚಲೆಂದೇ ಯೂಟ್ಯೂಬ್ ನೋಡುಗರಿಂದ ಐದು ನಕ್ಷತ್ರಗಳ ಸಮೀಕ್ಷೆ ಪಡೆಯತೊಡಗಿತು. ನಾಲ್ಕು ಅಥವಾ ಐದು ಕೊಟ್ಟರಷ್ಟೇ ಆ ಸಮಯ ಬೆಲೆಯುಳ್ಳದ್ದು; ಉತ್ತರಿಸದವರ ಉತ್ತರವನ್ನು ಇನ್ನೊಂದು ಮಾದರಿ ಊಹಿಸುತ್ತದೆ. ಈ ತೇಪೆ ಪೂರ್ತಿ ಗಟ್ಟಿಯಲ್ಲ, ಊಹೆ ಊಹೆಯೇ. ಸುದ್ದಿಯ ಬಿಸಿಯಲ್ಲಿ ಬಂದು ಹೋಗುವ ಹೊಸಬರನ್ನೇ ನೆಚ್ಚಿದ ಚಾನೆಲ್ ಕೆಲಕಾಲ ಬದುಕುತ್ತದೆ, ಇನ್ನೂ ಮೋಸಹೋಗದ ಹೊಸ ಮುಖಗಳು ಸಿಗುತ್ತಿರುವವರೆಗೆ. ಅಂಥ ಹೊಸಬರ ಸಂಖ್ಯೆ ಕನ್ನಡದಲ್ಲಿ ಇಂಗ್ಲಿಷಿನಷ್ಟು ದೊಡ್ಡದಲ್ಲ. ತೀರಾ ಅತಿಯಾದ ಸುಳ್ಳುಗಳನ್ನು, ಅದರಲ್ಲೂ ಬ್ರೇಕಿಂಗ್ ನ್ಯೂಸ್ ಹೆಸರಿನವನ್ನು, ಭಾರತದಲ್ಲಿ ತೆಗೆದುಹಾಕುವುದಾಗಿ ಯೂಟ್ಯೂಬ್ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅರೆಸುಳ್ಳುಗಳನ್ನು ಆ ನಿಯಮ ಮುಟ್ಟುವುದು ಕಷ್ಟ.

ಆಡಂಬರವನ್ನೂ ಸುಳ್ಳನ್ನೂ ಒಂದೇ ಗಂಟಿಗೆ ಕಟ್ಟಬಾರದು. ಯೂಟ್ಯೂಬರ್ ಮಿಸ್ಟರ್ ಬೀಸ್ಟ್‌ನ ಥಂಬ್‌ನೇಲ್‌ಗಳಷ್ಟು ನಾಟಕೀಯವಾದವು ಅಪರೂಪ. ಆದರೆ ಐವತ್ತು ಗಂಟೆ ಮಣ್ಣಿನಡಿ ಹೂತಿದ್ದೆ ಎಂದರೆ ವಿಡಿಯೊದಲ್ಲಿ ಆತ ಪೆಟ್ಟಿಗೆಯೊಳಗೆ ಮಲಗಿಯೇ ಇರುತ್ತಾನೆ.

ಚಾನೆಲ್ ನಡೆಸುವವರು ತಮ್ಮ ಥಂಬ್‌ನೇಲ್ ಯಾವ ಬಗೆಯದು ಎಂದು ತಿಳಿಯಲು ಸಿಟಿಆರ್ ಒಂದನ್ನೇ ನೋಡಿದರೆ ಸಾಲದು. ಮೊದಲಿಗೆ ಪರಿಚಿತರಿಗೆ ಕಾಣುವಾಗ ಅದು ಹೆಚ್ಚಿದ್ದು, ವಿಡಿಯೊ ಅಪರಿಚಿತರ ಹೋಮ್ ಪೇಜ್ ಸೇರಿದಂತೆಲ್ಲ ತಾನಾಗಿ ಇಳಿಯುತ್ತದೆ. ಆ ಇಳಿಕೆ ಹಲವು ಸಲ ಒಳ್ಳೆಯ ಲಕ್ಷಣ. ಯೂಟ್ಯೂಬ್ ಸ್ಟುಡಿಯೊದ ರಿಟೆನ್ಷನ್ ನಕ್ಷೆಯಲ್ಲಿ ಮೊದಲ 30 ಸೆಕೆಂಡ್ ಹೆಚ್ಚು ಹೇಳುತ್ತದೆ: ಸಿಟಿಆರ್ ಚಾನೆಲ್ಲಿನ ರೂಢಿಗಿಂತ ಮೇಲಿದ್ದು, ಅರ್ಧ ನಿಮಿಷಕ್ಕೆ ಉಳಿದವರ ಪ್ರಮಾಣ ರೂಢಿಗಿಂತ ಕೆಳಗಿದ್ದರೆ, ಹೊರಗೆ ತೋರಿಸಿದ್ದು ಒಳಗಿಲ್ಲ ಎಂದು ಅನುಮಾನಿಸಬೇಕು. ಮರಳಿ ಬರುವ ನೋಡುಗರ ಗೆರೆ ವಾರಗಳ ಕಾಲ ಜಾರುತ್ತಿದ್ದರೆ ಅನುಮಾನ ಬಲವಾಗುತ್ತದೆ. ಒಂದೇ ವಿಡಿಯೊಗೆ ಮೂರು ಥಂಬ್‌ನೇಲ್ ಹಾಕಿ ಹೋಲಿಸುವ ಸೌಲಭ್ಯವೂ ಸ್ಟುಡಿಯೊದಲ್ಲಿದೆ. ಅಲ್ಲಿ ಗೆದ್ದದ್ದನ್ನು ಸಾರುವುದು ಸಿಟಿಆರ್ ನೋಡಿಯಲ್ಲ, ವಾಚ್ ಟೈಮಿನ ಪಾಲು ನೋಡಿ. ಸಣ್ಣ ಚಾನೆಲ್‌ಗಳಿಗೆ ಸಾಕಷ್ಟು ಇಂಪ್ರೆಷನ್ ಸಿಗದೆ ಆ ಪರೀಕ್ಷೆ ಎಷ್ಟೋ ಸಲ ಫಲಿತಾಂಶವಿಲ್ಲದೆ ಮುಗಿಯುತ್ತದೆ. ಅವರು ರಿಟೆನ್ಷನ್ ನಕ್ಷೆಯನ್ನೇ ಓದಿಕೊಳ್ಳಬೇಕು.