ಡಬ್ಬಿ ಬದಲಾದರೆ ವಿಷ ಬದಲಾದಂತಲ್ಲ

ಅಡುಗೆಮನೆಯ ಜಿರಳೆಗಳಿಗೆ ಮೊದಮೊದಲು ಒಂದು ಬಾರಿ ಸಿಂಪಡಿಸಿದರೆ ಸಾಕಾಗುತ್ತಿದ್ದ ಔಷಧಿ, ವರ್ಷ ಕಳೆಯುವುದರೊಳಗೆ ನಿಷ್ಫಲವಾಗುವುದನ್ನು ಅನೇಕ ಗೃಹಿಣಿಯರು ಕಂಡಿರುತ್ತಾರೆ. ಕಂಪನಿಯವರು ಕಲಬೆರಕೆ ಮಾಡಿದ್ದಾರೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಬಹುತೇಕ ಬದಲಾಗಿರುವುದು ಔಷಧಿಯಲ್ಲ, ಜಿರಳೆಗಳ ಸಂತತಿ.

ನಮ್ಮ ಮನೆಗಳಲ್ಲಿ ಹೆಚ್ಚು ಕಾಡುವುದು ಅರ್ಧ ಅಂಗುಲದಷ್ಟು ಉದ್ದದ, ತಿಳಿಕಂದು ಬಣ್ಣದ, ತಲೆಯ ಹಿಂದೆ ಎರಡು ಕಪ್ಪು ಗೆರೆಗಳುಳ್ಳ ಸಣ್ಣ ಜಿರಳೆ. ಇದಕ್ಕೆ ಜರ್ಮನ್ ಜಿರಳೆ ಎಂದು ಹೆಸರು. ಹೆಣ್ಣು ಜಿರಳೆಯು 30ರಿಂದ 40 ಮೊಟ್ಟೆಗಳಿರುವ ಕೋಶವನ್ನು ಮರಿಗಳು ಹೊರಬರುವವರೆಗೂ ದೇಹಕ್ಕೆ ಅಂಟಿಸಿಕೊಂಡೇ ತಿರುಗುತ್ತದೆ. ಎರಡು ಮೂರು ತಿಂಗಳಲ್ಲಿ ಮರಿಗಳು ಬೆಳೆದು ಮುಂದಿನ ಪೀಳಿಗೆಗೆ ಸಿದ್ಧವಾಗುತ್ತವೆ.

ನೂರು ಜಿರಳೆಗಳ ಮೇಲೆ ಸಿಂಪಡಿಸಿದಾಗ 95 ಸತ್ತು, ಐದು ಉಳಿದವೆಂದು ಇಟ್ಟುಕೊಳ್ಳೋಣ. ಆ ಐದರಲ್ಲಿ ಕೆಲವು ಅದೃಷ್ಟದಿಂದ ತಪ್ಪಿಸಿಕೊಂಡಿರಬಹುದು. ಉಳಿದವುಗಳ ನರಗಳಲ್ಲಿ ವಿಷವು ಅಂಟಬೇಕಾದ ಸ್ಥಾನದ ರಚನೆಯೇ ಹುಟ್ಟಿನಿಂದ ತುಸು ಭಿನ್ನವಾಗಿರುತ್ತದೆ, ಅಥವಾ ವಿಷವನ್ನು ಬೇಗನೆ ಒಡೆದುಹಾಕುವ ಶಕ್ತಿ ದೇಹದಲ್ಲಿರುತ್ತದೆ. ಈ ಗುಣ ಮರಿಗಳಿಗೂ ಬರುತ್ತದೆ. ಅದೇ ವಿಷವನ್ನು ಮತ್ತೆ ಮತ್ತೆ ಬಳಸಿದಂತೆ ದುರ್ಬಲವಾದವು ಅಳಿದು, ತಾಳಿಕೊಳ್ಳುವವೇ ಮನೆ ತುಂಬುತ್ತವೆ.

ಇದನ್ನು ಗುರುತಿಸುವ ಬಗೆ ಹೀಗೆ: ಔಷಧಿ ನೇರವಾಗಿ ತಾಗಿದ ಜಿರಳೆ ಬೆನ್ನ ಮೇಲೆ ಬಿದ್ದು ಒದ್ದಾಡಿ, ಕೆಲವು ಗಂಟೆಗಳ ನಂತರ ಎದ್ದು ಹೋದರೆ ಅನುಮಾನಿಸಬೇಕು. ದೊಡ್ಡವೆಲ್ಲ ಸತ್ತು, ಕೆಲವು ದಿನಗಳ ಬಳಿಕ ಕೇವಲ ಮರಿಗಳು ಕಾಣಿಸಿಕೊಂಡರೆ ಅದು ಬೇರೆ ವಿಷಯ. ಅವು ಉಳಿದ ಮೊಟ್ಟೆಗಳಿಂದ ಬಂದವು.

ಔಷಧಿ ಕೆಲಸ ಮಾಡದಿದ್ದಾಗ ಜನರು ಅಂಗಡಿಯಲ್ಲಿ ಬೇರೆ ಕಂಪನಿಯದನ್ನು ಕೇಳುತ್ತಾರೆ. ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಮೊದಲು ತಂದ ಸ್ಪ್ರೇಯಲ್ಲಿ ಇಮಿಪ್ರೋಥ್ರಿನ್, ನಂತರ ಎಳೆದ ಸೀಮೆಸುಣ್ಣದಲ್ಲಿ ಡೆಲ್ಟಾಮೆಥ್ರಿನ್, ಕೊನೆಗೆ ತಂದ ದ್ರಾವಣದಲ್ಲಿ ಸೈಪರ್‌ಮೆಥ್ರಿನ್ ಇದೆ. ಡಬ್ಬಿ ಮೂರಾದರೂ ವಿಷದ ಕುಲ ಒಂದೇ. ಇವೆಲ್ಲವೂ ಪೈರೆಥ್ರಾಯ್ಡ್ ಗುಂಪಿಗೆ ಸೇರಿದವು. ನರದ ಅದೇ ಸ್ಥಾನವನ್ನು ಹಿಡಿಯುತ್ತವೆ. ಒಂದನ್ನು ತಾಳಿಕೊಂಡ ಜಿರಳೆ ಉಳಿದವನ್ನೂ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ.

ಆದ್ದರಿಂದ ಲೇಬಲ್ಲಿನಲ್ಲಿ ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು, ಸಣ್ಣ ಅಕ್ಷರದಲ್ಲಿ ಶೇಕಡಾ ಪ್ರಮಾಣದೊಂದಿಗೆ ಬರೆದಿರುವ ರಾಸಾಯನಿಕದ ಹೆಸರನ್ನು ಓದಬೇಕು. ‘ಥ್ರಿನ್’ ಎಂದು ಕೊನೆಗೊಳ್ಳುವವು ಸಾಮಾನ್ಯವಾಗಿ ಇದೇ ಗುಂಪಿನವು. ಜಿರಳೆ ಜೆಲ್‌ಗಳಲ್ಲಿರುವ ಫಿಪ್ರೋನಿಲ್ ಹಾಗೂ ಇಮಿಡಾಕ್ಲೋಪ್ರಿಡ್ ಬೇರೆ ಬೇರೆ ಗುಂಪಿನವು. ಒಂದನ್ನು ಸುಮಾರು ಮೂರು ತಿಂಗಳು, ಅಂದರೆ ಒಂದು ಪೀಳಿಗೆಯ ಕಾಲ, ಲೇಬಲ್ಲಿನಂತೆ ಬಳಸಿ, ಅನಂತರ ಇನ್ನೊಂದಕ್ಕೆ ಹೋಗುವುದು ನಿಜವಾದ ಬದಲಾವಣೆ. ಜೆಲ್ ಇಟ್ಟ ಕಡೆ ಸ್ಪ್ರೇ ಮಾಡಬಾರದು. ಆ ವಾಸನೆಗೆ ಜಿರಳೆಗಳು ಜೆಲ್ಲಿನ ಬಳಿ ಸುಳಿಯವು.

ಈ ಉಪಾಯಕ್ಕೂ ಮಿತಿಯಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಮೈಕೆಲ್ ಶಾರ್ಫ್ ಮತ್ತು ಸಂಗಡಿಗರು ಜಿರಳೆ ತುಂಬಿದ ವಸತಿ ಸಮುಚ್ಚಯಗಳಲ್ಲಿ ಆರು ತಿಂಗಳು ನಡೆಸಿದ ಪರೀಕ್ಷೆಯನ್ನು 2019ರಲ್ಲಿ ಪ್ರಕಟಿಸಿದರು. ಮೂರು ಗುಂಪಿನ ಕೀಟನಾಶಕಗಳನ್ನು ತಿಂಗಳಿಗೊಂದರಂತೆ ಬದಲಿಸಿದಲ್ಲಿ ಜಿರಳೆಗಳು ಹೆಚ್ಚಲಿಲ್ಲ, ಆದರೆ ತಗ್ಗಲೂ ಇಲ್ಲ. ಎರಡನ್ನು ಬೆರೆಸಿ ಬಳಸಿದಲ್ಲಿ ಸಂಖ್ಯೆ ಏರಿತು. ಮೊದಲೇ ಪರೀಕ್ಷಿಸಿ, ತಾಳಿಕೆ ತೀರ ಕಡಿಮೆಯಿದ್ದ ಒಂದೇ ಜೆಲ್ಲನ್ನು ಆರಿಸಿದ ಕಡೆ ಜಿರಳೆಗಳು ಬಹುತೇಕ ಅಳಿದವು. ಅಂತಹ ಪರೀಕ್ಷೆ ಮನೆಯಲ್ಲಿ ಸಾಧ್ಯವಿಲ್ಲ. ಆದ್ದರಿಂದ ಔಷಧಿಯ ಬದಲಾವಣೆಯೊಂದಿಗೆ ರಾತ್ರಿ ಪಾತ್ರೆ ತೊಳೆದಿಡುವುದು, ಸಿಂಕಿನ ಕೆಳಗಿನ ಸೋರಿಕೆ ನಿಲ್ಲಿಸುವುದು, ಗೋಡೆಯ ಬಿರುಕು ಮುಚ್ಚುವುದು, ಅಂಟುಬಲೆ ಇಡುವುದು ಸೇರಬೇಕು. ಅಂಟುಬಲೆಗೆ ಯಾವ ಜಿರಳೆಯೂ ತಾಳಿಕೆ ಬೆಳೆಸಿಕೊಳ್ಳದು. ವಾರಕ್ಕೊಮ್ಮೆ ಎಣಿಸಿದರೆ ಸಂಖ್ಯೆ ಇಳಿಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ವೈದ್ಯನಾಗಿ ಒಂದು ಮಾತು. ಜಿರಳೆಯ ಹಿಕ್ಕೆ ಮತ್ತು ಒಣಗಿದ ದೇಹದ ಧೂಳು ಉಬ್ಬಸವನ್ನು ಕೆರಳಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಸಿಂಪಡಿಸಿದ ಔಷಧಿಯೂ ಅದನ್ನೇ ಮಾಡುತ್ತದೆ. ಸಾಯದ ಜಿರಳೆಗಾಗಿ ಪ್ರಮಾಣವನ್ನು ಇಮ್ಮಡಿಸಿದರೆ ಹೆಚ್ಚು ವಿಷ ಸೇರುವುದು ನೆಲದಲ್ಲಿ ಅಂಬೆಗಾಲಿಡುವ ಮಗುವಿಗೆ. ನಮ್ಮ ದೇಶದಲ್ಲಿ ಕೀಟನಾಶಕಗಳ ಲೇಬಲ್ಲಿನ ಚೌಕದ ಕೆಳ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ಸೂಚಿಸುತ್ತದೆ: ಕೆಂಪು ಅತ್ಯಂತ ತೀವ್ರ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೂ ನಿರಪಾಯಕಾರಿಯಲ್ಲ, ಅಪಾಯ ಕಡಿಮೆ ಎಂದಷ್ಟೇ ಅದರ ಅರ್ಥ. ಡಬ್ಬಿಯನ್ನು ಲೇಬಲ್ ಸಹಿತ ಉಳಿಸಿಕೊಳ್ಳಿರಿ. ಮಗು ಬಾಯಿಗೆ ಹಾಕಿಕೊಂಡರೆ ಆಸ್ಪತ್ರೆಗೆ ಅದನ್ನೂ ಕೊಂಡೊಯ್ಯಿರಿ. ಚಿಕಿತ್ಸೆ ಯಾವುದೆಂದು ನಿರ್ಧರಿಸಲು ವೈದ್ಯರಿಗೆ ಬೇಕಾದದ್ದೂ ಆ ಸಣ್ಣ ಅಕ್ಷರದ ಹೆಸರೇ.