ಕಾರಿಡಾರಿನಲ್ಲಿ ಹೆಚ್ಚಿದಷ್ಟೂ ಮನೆಯಲ್ಲಿ ಕುಗ್ಗುವ ವೈಫೈ

ವೈಫೈ ನಿಧಾನ ಎಂಬ ದೂರು ಬಂದಾಗಲೆಲ್ಲ ಅಪಾರ್ಟ್‌ಮೆಂಟ್ ಸಂಘದ ಸಮಿತಿ ಕಾರಿಡಾರಿನ ಚಾವಣಿಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಿಸುತ್ತದೆ. ದೂರು ನಿಲ್ಲುವುದಿಲ್ಲ, ಎಷ್ಟೋ ಕಡೆ ಹೆಚ್ಚುತ್ತದೆ. ಫೋನಿನಲ್ಲಿ ಸಿಗ್ನಲ್ ಗೆರೆಗಳು ಪೂರ್ತಿ ಇರುತ್ತವೆ, ಆದರೆ ವಿಡಿಯೊ ಕಾಲ್ ತಡವರಿಸುತ್ತದೆ. ಇಂಥ ಕಟ್ಟಡದ ನಿವಾಸಿಗಳು ಸಮಿತಿಗೆ ಒಂದು ನೋಟಿಸು ಕೊಡುವುದಾದರೆ ಅದರಲ್ಲಿ ಏನಿರಬೇಕು ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ನಾಲ್ಕು ಮಹಡಿಯ ಕಟ್ಟಡ, ಮಹಡಿಗೆ ಎಂಟು ಮನೆ, ನಡುವೆ ಉದ್ದನೆಯ ಕಾರಿಡಾರ್ ಎಂದಿಟ್ಟುಕೊಳ್ಳಿ. ಪ್ರತಿ ಕಾರಿಡಾರಿನಲ್ಲಿ ಆರು ಆಕ್ಸೆಸ್ ಪಾಯಿಂಟ್. ಪ್ರತಿಯೊಂದರಿಂದಲೂ ಮೂರು ವೈಫೈ ಹೆಸರುಗಳು ಪ್ರಸಾರವಾಗುತ್ತಿವೆ: ನಿವಾಸಿಗಳಿಗೆ ಒಂದು, ಅತಿಥಿಗಳಿಗೆ ಒಂದು, ಸಿಸಿಟಿವಿ ಮತ್ತು ಗೇಟಿನವರಿಗೆ ಇನ್ನೊಂದು.

ಮೊದಲು ತಿಳಿಯಬೇಕಾದದ್ದು ಇಷ್ಟು. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಂದೇ ಸಾಧನ ಮಾತಾಡಬಹುದು. ಸಂತೆಯಂತೆ ಎಲ್ಲರೂ ಒಟ್ಟಿಗೆ ಕೂಗುವ ಪದ್ಧತಿ ಇಲ್ಲಿಲ್ಲ. ಪ್ರತಿ ಸಾಧನವೂ ಮೊದಲು ಗಾಳಿಗೆ ಕಿವಿಗೊಟ್ಟು, ಬೇರೆ ಯಾರ ಸದ್ದೂ ಇಲ್ಲ ಎಂದಾದ ಮೇಲೆಯೇ ತನ್ನ ಸರದಿ ತೆಗೆದುಕೊಳ್ಳುತ್ತದೆ. ಹಾಗಾಗಿ ಒಂದೇ ಚಾನೆಲ್ಲಿನಲ್ಲಿರುವ ಎರಡು ಆಕ್ಸೆಸ್ ಪಾಯಿಂಟುಗಳು ಪರಸ್ಪರ ಕೇಳಿಸಿಕೊಂಡರೆ ಸಾಮರ್ಥ್ಯ ಎರಡು ಪಟ್ಟಾಗುವುದಿಲ್ಲ, ಇದ್ದ ಸಮಯವನ್ನೇ ಇಬ್ಬರೂ ಹಂಚಿಕೊಳ್ಳುತ್ತಾರೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್ ಸಂಖ್ಯೆಗಳು ಹದಿಮೂರು ಇದ್ದರೂ ಒಂದರ ಮೇಲೊಂದು ಬೀಳದೆ ಒಟ್ಟಿಗೆ ನಡೆಯುವುದು ಮೂರೇ: 1, 6 ಮತ್ತು 11. ಕಟ್ಟಡದಲ್ಲಿ ಎಷ್ಟೇ ಡಬ್ಬಿ ತೂಗುಹಾಕಿದರೂ ಈ ಮೂರರಲ್ಲೇ ಎಲ್ಲ ನಡೆಯಬೇಕು.

ಕಾರಿಡಾರ್ ಈ ಕಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅಲ್ಲಿ ಈ ತುದಿಯಿಂದ ಆ ತುದಿಯವರೆಗೆ ಅಡ್ಡಗೋಡೆಯೇ ಇಲ್ಲ, ಹಾಗಾಗಿ ಆರೂ ಆಕ್ಸೆಸ್ ಪಾಯಿಂಟುಗಳು ಒಂದನ್ನೊಂದು ಸ್ಪಷ್ಟವಾಗಿ ಕೇಳಿಸಿಕೊಳ್ಳುತ್ತವೆ. ಫೋನು, ಲ್ಯಾಪ್‌ಟಾಪ್ ಇರುವುದು ಮಾತ್ರ ಗೋಡೆಯ ಆಚೆ. ಮುಂಬಾಗಿಲು, ಇಟ್ಟಿಗೆ ಗೋಡೆ, ಟೈಲ್ಸ್ ಹಾಕಿದ ಬಚ್ಚಲುಮನೆ, ಕಾಂಕ್ರೀಟ್ ಕಂಬ ಇವನ್ನೆಲ್ಲ ದಾಟಿಯೇ ಸಿಗ್ನಲ್ ಮಲಗುವ ಕೋಣೆ ತಲುಪಬೇಕು. ಯಾವುದು ಚೆನ್ನಾಗಿ ಕೇಳಬೇಕೋ ಅದು ಕೇಳುವುದಿಲ್ಲ, ಯಾವುದು ಕೇಳಬಾರದೋ ಅದೇ ಚೆನ್ನಾಗಿ ಕೇಳುತ್ತದೆ. ಹಳೆಯ ಕಟ್ಟಡಗಳ ವೈಫೈ ಕೆಡುವುದಕ್ಕೆ ಇಂಟರ್ನೆಟ್ ಕಂಪನಿಗಿಂತ ಈ ಒಂದು ಕಾರಣವೇ ದೊಡ್ಡದು ಎಂದು ನಾನು ನಂಬುತ್ತೇನೆ.

ಇನ್ನು ಲೆಕ್ಕ. ಪ್ರತಿ ಆಕ್ಸೆಸ್ ಪಾಯಿಂಟ್ ತನ್ನ ಪ್ರತಿಯೊಂದು ಹೆಸರಿಗೂ ಸೆಕೆಂಡಿಗೆ ಸುಮಾರು ಹತ್ತು ಸಲ, ಅಂದರೆ 102.4 ಮಿಲಿಸೆಕೆಂಡಿಗೊಮ್ಮೆ, 'ನಾನಿಲ್ಲಿದ್ದೇನೆ' ಎಂಬ ಸಣ್ಣ ಸಂದೇಶ ಕಳಿಸುತ್ತದೆ. ಇದಕ್ಕೆ ಬೀಕನ್ ಎನ್ನುತ್ತಾರೆ. ಅತಿ ಹಳೆಯ ಸಾಧನಕ್ಕೂ ಅರ್ಥವಾಗಲಿ ಎಂದು 2.4ರಲ್ಲಿ ಇದನ್ನು ಅನೇಕ ಕಡೆ ಅತಿ ನಿಧಾನದ ವೇಗದಲ್ಲಿ, ಸೆಕೆಂಡಿಗೆ 1 ಮೆಗಾಬಿಟ್‌ನಲ್ಲಿ ಬಿಟ್ಟಿರುತ್ತಾರೆ. 300 ಬೈಟಿನ ಬೀಕನ್ನಿಗೆ ಆಗ ಎರಡೂವರೆ ಮಿಲಿಸೆಕೆಂಡು ಬೇಕು. ನಮ್ಮ ಕಟ್ಟಡದಲ್ಲಿ ಆರು ಆಕ್ಸೆಸ್ ಪಾಯಿಂಟುಗಳನ್ನು ಮೂರು ಚಾನೆಲ್ಲಿಗೆ ಸಮನಾಗಿ ಹಂಚಿದ್ದಾರೆ ಎಂದೇ ಇಟ್ಟುಕೊಳ್ಳಿ: ಮಹಡಿಗೆ ಎರಡೆರಡು ಒಂದೇ ಚಾನೆಲ್ಲಿನಲ್ಲಿ. ಮೇಲಿನ ಮತ್ತು ಕೆಳಗಿನ ಮಹಡಿಯವೂ ಕೇಳಿಸುತ್ತವೆ, ಒಟ್ಟು ಆರಾದವು. ಆರಕ್ಕೆ ಮೂರು ಹೆಸರಿನಂತೆ ಹದಿನೆಂಟು ಬೀಕನ್. ಹದಿನೆಂಟಕ್ಕೆ 45 ಮಿಲಿಸೆಕೆಂಡು. ಪ್ರತಿ 102ರಲ್ಲಿ 45! ಕಟ್ಟಡದಲ್ಲಿ ಯಾರೂ ಒಂದು ಫೋಟೊ ಕೂಡ ಕಳಿಸುವ ಮೊದಲೇ ಸುಮಾರು ಅರ್ಧ ಸಮಯ ಖರ್ಚಾಯಿತು. ಮನೆಗಳೊಳಗಿನ ಸ್ವಂತ ರೂಟರುಗಳನ್ನು ಇನ್ನೂ ಎಣಿಸಿಯೇ ಇಲ್ಲ.

ಇದರ ಮೇಲೆ ಫೋನುಗಳ ಹಟ. ಯಾವ ಆಕ್ಸೆಸ್ ಪಾಯಿಂಟಿಗೆ ಅಂಟಿಕೊಳ್ಳಬೇಕು ಎಂಬುದನ್ನು ಕೊನೆಗೆ ನಿರ್ಧರಿಸುವುದು ಫೋನು. ಲಿಫ್ಟಿನ ಬಳಿ ಹಿಡಿದದ್ದನ್ನು ಮನೆಯೊಳಗೆ ಬಂದ ಮೇಲೂ ಅದು ಸುಲಭವಾಗಿ ಬಿಡುವುದಿಲ್ಲ. ದೂರದ ಆಕ್ಸೆಸ್ ಪಾಯಿಂಟ್ ಜೋರಾಗಿ ಕೂಗುವುದರಿಂದ ಫೋನಿಗೆ ಅದು ಹತ್ತಿರವಿದ್ದಂತೆ ಕಾಣುತ್ತದೆ, ಆದರೆ ಫೋನಿನ ಕ್ಷೀಣ ದನಿ ಅಲ್ಲಿಗೆ ಮುಟ್ಟುವುದಿಲ್ಲ. ಆಗ ಅದು ನಿಧಾನವಾಗಿ, ಮತ್ತೆ ಮತ್ತೆ ಕಳಿಸುತ್ತಾ ಎಲ್ಲರ ಸಮಯವನ್ನೂ ತಿನ್ನುತ್ತದೆ.

ಸಮಿತಿಯವರು ಸಹಜವಾಗಿಯೇ ಕೇಳುತ್ತಾರೆ: ತಪ್ಪು ಇಂಟರ್ನೆಟ್ ಕೊಡುವವರದ್ದಲ್ಲ ಎನ್ನುವುದಕ್ಕೆ ಏನು ಪುರಾವೆ? ರಾತ್ರಿ ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ ವೈಫೈಗೆ ಸೇರಿದ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಈ ಎರಡನ್ನು ಟೈಪ್ ಮಾಡಿ. ಮೊದಲ ವಿಳಾಸ ಕಟ್ಟಡದ ರೂಟರಿನದು, ನಿಮ್ಮಲ್ಲಿ ಬೇರೆ ಇದ್ದರೆ ಅದನ್ನೇ ಹಾಕಿ. ಎರಡನೆಯದು ಕಟ್ಟಡದ ಹೊರಗಿನದು.

```
ping -n 50 192.168.1.1
ping -n 50 8.8.8.8
```

ಮೊದಲ ಸಾಲಿನಲ್ಲೇ ಉತ್ತರದ ಸಮಯ 3 ಮಿಲಿಸೆಕೆಂಡಿನಿಂದ 200ಕ್ಕೆ ಹಾರಿ ಮತ್ತೆ ಇಳಿಯುತ್ತಿದ್ದರೆ ತೊಂದರೆ ಕಟ್ಟಡದ ಒಳಗೇ ಇದೆ. ಅದೇ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಸಿಕ್ಕಿಸಿದಾಗ ಸಮಯ ಸ್ಥಿರವಾಗಿ ಒಂದೆರಡು ಮಿಲಿಸೆಕೆಂಡಿಗೆ ಇಳಿದರೆ ದೋಷ ಗಾಳಿಯಲ್ಲೇ ಎಂಬುದು ಖಚಿತ. ಮೊದಲನೆಯದು ಸರಿಯಿದ್ದು ಎರಡನೆಯದು ಮಾತ್ರ ಕುಣಿದರೆ ಇಂಟರ್ನೆಟ್ ಕಂಪನಿಗೆ ಫೋನು ಮಾಡಿ.

ಪರಿಹಾರದ ಮೊದಲ ಹಂತಕ್ಕೆ ಹೊಸ ಸಾಮಾನು ಬೇಕಿಲ್ಲ, ಸೆಟ್ಟಿಂಗ್ ಬದಲಿಸಿದರೆ ಸಾಕು. ಆರರಲ್ಲಿ ನಾಲ್ಕು ಆಕ್ಸೆಸ್ ಪಾಯಿಂಟುಗಳ 2.4 ರೇಡಿಯೊ ಆರಿಸಬೇಕು, ಅವುಗಳ 5 ಗಿಗಾಹರ್ಟ್ಸ್ ಮಾತ್ರ ನಡೆಯಲಿ. ಉಳಿದೆರಡು ಕಾರಿಡಾರಿನ ಎರಡು ತುದಿಗಳಲ್ಲಿರಲಿ. ಅವುಗಳ ಚಾನೆಲ್ ಹೀಗೆ: ಮೊದಲ ಮಹಡಿಯ ಎಡಕ್ಕೆ 1, ಬಲಕ್ಕೆ 6, ಎರಡನೆಯದರಲ್ಲಿ 11 ಮತ್ತು 1, ಮೂರನೆಯದರಲ್ಲಿ 6 ಮತ್ತು 11, ನಾಲ್ಕನೆಯದು ಮತ್ತೆ ಮೊದಲಿನಂತೆ. ಆಗ ಒಂದೇ ಚಾನೆಲ್ಲಿನವು ನೇರ ಮೇಲೆ ಕೆಳಗೆ ಬರುವುದಿಲ್ಲ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ, 40 ಬೇಡ. ಹೆಸರುಗಳು ಎರಡಕ್ಕಿಳಿಯಲಿ. ಸಿಸಿಟಿವಿಗೆ ಕೇಬಲ್ಲೇ ಸರಿ. ಪ್ರಸಾರ ಶಕ್ತಿಯನ್ನು 'ಹೈ'ನಿಂದ ಕೆಳಗಿಳಿಸಿ, ಕನಿಷ್ಠ ವೇಗವನ್ನು 12 ಮೆಗಾಬಿಟ್‌ಗೆ ಏರಿಸಬೇಕು. ಆಗ ಒಂದು ಬೀಕನ್ನಿಗೆ ಕಾಲು ಮಿಲಿಸೆಕೆಂಡೂ ಬೇಕಾಗದು. ಒಂದು ಚಾನೆಲ್ಲಿನಲ್ಲಿ ಕೇಳಿಸುವುದು ಎರಡೇ ಎಂದುಕೊಂಡರೆ ನಾಲ್ಕು ಬೀಕನ್, ಒಟ್ಟು ಒಂದು ಮಿಲಿಸೆಕೆಂಡು. ನಲವತ್ತೈದು ಇದ್ದದ್ದು ಒಂದಕ್ಕೆ ಬಂತು. ತೀರಾ ಹಳೆಯ ಕೆಲವು ಸಾಧನಗಳು ಈ ಬದಲಾವಣೆಯ ನಂತರ ಸೇರದೆ ಹೋಗಬಹುದು, ಅಂಥವು ಯಾರ ಮನೆಯಲ್ಲಿವೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಆದರೆ ಗೋಡೆಯನ್ನು ಯಾವ ಸೆಟ್ಟಿಂಗೂ ತೆಳ್ಳಗೆ ಮಾಡುವುದಿಲ್ಲ. 5 ಗಿಗಾಹರ್ಟ್ಸಿನಲ್ಲಿ ಚಾನೆಲ್ಲುಗಳು ಧಾರಾಳ. ಭಾರತದಲ್ಲಿ 2018ರಲ್ಲಿ ಈ ಪಟ್ಟಿಯ ಬಹುಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟರು. ಅದು ಗೋಡೆ ದಾಟುವುದರಲ್ಲಿ 2.4ಕ್ಕಿಂತ ದುರ್ಬಲ. ಕಾರಿಡಾರಿನಲ್ಲಿ ಈ ಗುಣ ತೊಡಕು, ಮನೆಯೊಳಗೆ ಇದೇ ವರ, ಏಕೆಂದರೆ ಪಕ್ಕದ ಮನೆಯ ಸದ್ದನ್ನು ಗೋಡೆಯೇ ತಡೆಯುತ್ತದೆ. ಹಾಗಾಗಿ ಎರಡನೆಯ ಹಂತದಲ್ಲಿ ಡಬ್ಬಿಗಳೇ ಮನೆಯೊಳಗೆ ಹೋಗಬೇಕು. ಕೇಬಲ್ ಟಿವಿಗೋ ಫೈಬರಿಗೋ ಡಕ್ಟಿನಿಂದ ಹಾಲಿಗೆ ಹಾಕಿದ ಪೈಪು ಹಲವು ಮನೆಗಳಲ್ಲಿರುತ್ತದೆ. ಅದರಲ್ಲೇ ಲ್ಯಾನ್ ಕೇಬಲ್ ಎಳೆದರೆ ಆಯಿತು. ವಿದ್ಯುತ್ತೂ ಅದೇ ಕೇಬಲ್ಲಿನಲ್ಲಿ ಸ್ವಿಚ್ಚಿನಿಂದ ಬರುವುದರಿಂದ ಯಾರ ಮನೆಯ ಮೀಟರೂ ಓಡುವುದಿಲ್ಲ. ಗೋಡೆ ಹಂಚಿಕೊಂಡ ಎರಡು ಮನೆಗೆ ಒಂದು ಎಂದರೆ ಮಹಡಿಗೆ ನಾಲ್ಕು ಸಾಕಾಗಬಹುದು. ದಪ್ಪ ಕಾಂಕ್ರೀಟ್ ಗೋಡೆಯಿದ್ದಲ್ಲಿ ಮನೆಗೊಂದು ಬೇಕಾಗುತ್ತದೆ. ಮನೆಗೊಂದೊಂದು ಸ್ವಂತ ಫೈಬರ್ ಇರುವ ಕಟ್ಟಡದಲ್ಲಿ ಈ ಖರ್ಚೇ ಬೇಡ, ಕಾರಿಡಾರಿನ ಡಬ್ಬಿಗಳನ್ನು ಇಳಿಸಿ ಲಾಬಿಗೆ ಒಂದು ಉಳಿಸಿಕೊಂಡರೆ ಸಾಕು.

ಸಮಿತಿಯಿಂದ ಈಗ ಕೇಳಬೇಕಾದದ್ದು ಇಡೀ ಕಟ್ಟಡಕ್ಕೆ ಮಂಜೂರಾತಿಯಲ್ಲ. ಹೊಸ ಆಕ್ಸೆಸ್ ಪಾಯಿಂಟಿನ ಖರೀದಿಯನ್ನು ತಡೆಹಿಡಿದು, ಮೊದಲ ಹಂತವನ್ನು ಎಲ್ಲ ಮಹಡಿಗಳಲ್ಲಿ, ಎರಡನೆಯ ಹಂತವನ್ನು ಒಂದು ಮಹಡಿಯಲ್ಲಿ ಮಾತ್ರ ಮಾಡಿಸಬೇಕು. ಅದಕ್ಕೂ ಮೊದಲು ಪ್ರತಿ ಮನೆಯ ಹಾಲು ಮತ್ತು ಅತಿ ಒಳಗಿನ ಕೋಣೆಯಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ರೂಟರಿನ ಪಿಂಗ್ ಬರೆದಿಟ್ಟುಕೊಳ್ಳಬೇಕು. ಎರಡು ವಾರದ ನಂತರ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಲ್ಯಾಪ್‌ಟಾಪಿನಿಂದ ಮತ್ತೆ ಅಳೆದು, ಎರಡೂ ಪಟ್ಟಿಗಳನ್ನು ಸಭೆಯ ಮುಂದಿಟ್ಟು ಉಳಿದ ಮಹಡಿಗಳ ಖರ್ಚನ್ನು ನಿರ್ಧರಿಸಬಹುದು.